ಲಕ್ಷಕ್ಕೆ ದಿನಕ್ಕೆ ಮೂವತ್ತು ರೂಪಾಯಿ

2025ರ ಜುಲೈ ಮೊದಲ ವಾರ. ರಾಣೆಬೆನ್ನೂರಿನಲ್ಲಿ ಪೈಪು ಮತ್ತು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಬ್ಯಾಂಕಿನಿಂದ ತಂದ ಸ್ಟೇಟ್‌ಮೆಂಟಿನ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹರವಿದರು. ಕೊನೆಯ ಹಾಳೆಯ ಕೊನೆಯ ಎರಡು ಸಾಲುಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಒಂದು ಸಾಲಿನಲ್ಲಿ ಬಡ್ಡಿ 7,200 ರೂಪಾಯಿ. ಅದರ ಕೆಳಗೆ ದಂಡ ಶುಲ್ಕ 337 ರೂಪಾಯಿ 53 ಪೈಸೆ.

“ಸರ, ನನ್ನ ಲಿಮಿಟ್ ಹತ್ತು ಲಕ್ಷ ಐತಿ. ನಾ ಒಂಬತ್ತು ಲಕ್ಷನೂ ಮುಟ್ಟಿಲ್ಲ. ಲಿಮಿಟ್ ದಾಟೀರಿ ಅಂತ ದಂಡ ಹಾಕ್ಯಾರಲ್ರಿ, ಇದು ಹೆಂಗ್ರಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಓವರ್‌ಡ್ರಾಫ್ಟ್ ಅಥವಾ ಓಡಿ ಖಾತೆ ಇಟ್ಟಿರುವ ಎಷ್ಟೋ ವ್ಯಾಪಾರಸ್ಥರು ಸ್ಟೇಟ್‌ಮೆಂಟಿನಲ್ಲಿ ನೋಡುವುದು ಬಂದ ಹಣ, ಹೋದ ಹಣ ಮಾತ್ರ. ಬಡ್ಡಿಯ ಸಾಲು ಬಂದಾಗ ಕಂಪ್ಯೂಟರ್ ಹಾಕಿದ್ದು ಸರಿಯೇ ಇರುತ್ತದೆ ಎಂದು ಮುಂದೆ ಹೋಗುತ್ತಾರೆ. ಗುಣಾಕಾರದಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ, ನಿಜ. ಆದರೆ ಯಾವ ಮೊತ್ತವನ್ನು, ಎಷ್ಟು ದಿನಕ್ಕೆ, ಯಾವ ದರದಲ್ಲಿ ಗುಣಿಸಬೇಕು ಎಂದು ಅದಕ್ಕೆ ಹೇಳಿಕೊಡುವವರು ಮನುಷ್ಯರು. ಈ ಮೂರನ್ನೂ ಖಾತೆದಾರರೇ ಕೂತು ನೋಡಬಹುದು. ನಾವು ಅಂದು ಮಾಡಿದ್ದೂ ಅದನ್ನೇ.

ಮೊದಲು ಹತ್ತು ಲಕ್ಷದ ವಿಷಯ. ಸ್ಯಾಂಕ್ಷನ್ ಲೆಟರಿನಲ್ಲಿ ಬರೆದಿರುವ ಲಿಮಿಟ್, ಆ ಖಾತೆಗೆ ಬ್ಯಾಂಕ್ ಕೊಡಬಹುದಾದ ಗರಿಷ್ಠ ಸಾಲ. ಅಂಗಡಿಯ ಸರಕು ಮತ್ತು ಬರಬೇಕಾದ ಉದ್ರಿಯನ್ನು ಆಧಾರವಾಗಿಟ್ಟು ಕೊಟ್ಟ ಓಡಿಯಲ್ಲಿ ಇದರ ಜೊತೆಗೆ ಇನ್ನೊಂದು ಗೆರೆ ಇರುತ್ತದೆ. ಅದು ಡ್ರಾಯಿಂಗ್ ಪವರ್. ಬ್ಯಾಂಕಿನವರ ಬಾಯಲ್ಲಿ ಬರೀ ಡಿಪಿ. ಈ ತಿಂಗಳು ಅಂಗಡಿಯಲ್ಲಿ ನಿಜವಾಗಿ ಇರುವ ಆಧಾರಕ್ಕೆ ಎಷ್ಟು ಸಾಲ ನಿಲ್ಲುತ್ತದೆ ಎಂಬ ಲೆಕ್ಕ ಅದು. ಲಿಮಿಟ್ ಮತ್ತು ಡಿಪಿಯಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಬಳಸಬಹುದು. ಲಿಮಿಟ್ ವರ್ಷಕ್ಕೊಮ್ಮೆ ನವೀಕರಣವಾಗುವ ತನಕ ಅಲ್ಲಾಡುವುದಿಲ್ಲ. ಡಿಪಿ ಮಾತ್ರ, ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟ ಹಾಗೆ ಏರುತ್ತದೆ, ಇಳಿಯುತ್ತದೆ.

ಅವರು ಮೇ ಕೊನೆಯ ಲೆಕ್ಕಕ್ಕೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನ ನಕಲು ಚೀಲದಲ್ಲೇ ಇತ್ತು. ಅಂಗಡಿ ಮತ್ತು ಗೋದಾಮಿನಲ್ಲಿದ್ದ ಸರಕು 9,60,000 ರೂಪಾಯಿಯದು. ಅದರಲ್ಲಿ ಕಂಪನಿಗೆ ಇನ್ನೂ ಹಣ ಕೊಡಬೇಕಾಗಿದ್ದ ಮಾಲು 2,00,000ದ್ದು. ಹಣ ಕೊಡದ ಮಾಲಿನ ಮೇಲೆ ಬ್ಯಾಂಕ್ ಸಾಲ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಉಳಿದದ್ದು 7,60,000. ಇದರಲ್ಲಿ ಶೇ. 25 ಮಾರ್ಜಿನ್, ಅಂದರೆ ವ್ಯಾಪಾರಸ್ಥ ತನ್ನ ಕೈಯಿಂದ ಹಾಕಬೇಕಾದ ಪಾಲು. ಅದನ್ನು ಕಳೆದರೆ 5,70,000. ಇನ್ನು ಗಿರಾಕಿಗಳಿಂದ ಬರಬೇಕಾಗಿದ್ದ ಉದ್ರಿ ಒಟ್ಟು 5,50,000. ಅದರಲ್ಲಿ 90 ದಿನದ ಒಳಗಿನದು 4,00,000 ಮಾತ್ರ. ಉದ್ರಿಗೆ ಅವರ ಸ್ಯಾಂಕ್ಷನ್ ಲೆಟರಿನಲ್ಲಿದ್ದ ಮಾರ್ಜಿನ್ ಶೇ. 40. ಅದನ್ನು ಕಳೆದರೆ 2,40,000. ಎರಡನ್ನೂ ಕೂಡಿದರೆ 8,10,000. ಲಿಮಿಟ್ ಹತ್ತು ಲಕ್ಷವಿದ್ದರೂ ಆ ತಿಂಗಳು ಅವರು ಬಳಸಬಹುದಾಗಿದ್ದದ್ದು ಎಂಟು ಲಕ್ಷದ ಹತ್ತು ಸಾವಿರ. ಮಾರ್ಜಿನ್ ಎಷ್ಟು, ಎಷ್ಟು ದಿನದ ಉದ್ರಿ ಲೆಕ್ಕಕ್ಕೆ ಬರುತ್ತದೆ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ, ಖಾತೆಯಿಂದ ಖಾತೆಗೆ ಬೇರೆ. ನಿಮ್ಮ ಲೆಕ್ಕಕ್ಕೆ ನಿಮ್ಮದೇ ಸ್ಯಾಂಕ್ಷನ್ ಲೆಟರ್ ಬೇಕು.

ಏಪ್ರಿಲ್ ಕೊನೆಯ ಸ್ಟೇಟ್‌ಮೆಂಟನ್ನು ಪಕ್ಕಕ್ಕೆ ಇಟ್ಟು ನೋಡಿದೆವು. ಆಗ ಡಿಪಿ 9,00,000 ಇತ್ತು. ಸರಕು, ಕಂಪನಿಯ ಬಾಕಿ, ಒಟ್ಟು ಉದ್ರಿ, ಮೂರೂ ಹೆಚ್ಚು ಕಡಿಮೆ ಅಷ್ಟಕ್ಕೇ ಇದ್ದವು. ಹಾಗಾದರೆ ಒಂದೇ ತಿಂಗಳಲ್ಲಿ 90,000 ಇಳಿದದ್ದು ಎಲ್ಲಿಂದ? ಫೆಬ್ರವರಿಯಲ್ಲಿ ಕಾಂಟ್ರ್ಯಾಕ್ಟರೊಬ್ಬರು ಒಂದೂವರೆ ಲಕ್ಷದ ಪೈಪು ಉದ್ರಿ ಒಯ್ದಿದ್ದರು. ಏಪ್ರಿಲ್ ಕೊನೆಗೆ ಆ ಬಿಲ್ಲಿಗೆ 90 ದಿನ ತುಂಬಿರಲಿಲ್ಲ, ಹಾಗಾಗಿ ಲೆಕ್ಕದಲ್ಲಿತ್ತು. ಮೇ ಕೊನೆಗೆ ತುಂಬಿ ಹೋಗಿತ್ತು. ಒಂದೂವರೆ ಲಕ್ಷಕ್ಕೆ ಶೇ. 60 ಅಂದರೆ 90,000. ಅಂಗಡಿಯಲ್ಲಿ ಒಂದು ಪೈಪೂ ಅತ್ತಿತ್ತ ಆಗಿರಲಿಲ್ಲ. ಒಂದು ಹಳೆಯ ಬಿಲ್ಲಿಗೆ ವಯಸ್ಸಾಗಿತ್ತು, ಅಷ್ಟೇ.

ಈಗ ಜೂನ್ ಸ್ಟೇಟ್‌ಮೆಂಟಿಗೆ ಬಂದೆವು. ತಿಂಗಳ ಮೊದಲಿಗೆ ಸಾಲದ ಬಾಕಿ 7,00,000. ಓಡಿ ಸ್ಟೇಟ್‌ಮೆಂಟಿನಲ್ಲಿ ಬಾಕಿಯ ಮುಂದೆ `Dr` ಎಂದಿದ್ದರೆ ಅದು ನೀವು ಬ್ಯಾಂಕಿಗೆ ಕೊಡಬೇಕಾದದ್ದು. ಕೆಲವು ಬ್ಯಾಂಕುಗಳು ಅದನ್ನೇ ಮೈನಸ್ ಗುರುತಿನಲ್ಲಿ ತೋರಿಸುತ್ತವೆ. 6ನೇ ತಾರೀಕು ಕಂಪನಿಗೆ 1,80,000 ಕಳಿಸಿದ್ದರು, ಬಾಕಿ 8,80,000 ಆಯಿತು. ಆ ದಿನದ ಡಿಪಿ ಇನ್ನೂ ಒಂಬತ್ತು ಲಕ್ಷವೇ. ಹಾಗಾಗಿ ಗೆರೆಯ ಒಳಗೇ ಇದ್ದರು. 10ಕ್ಕೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟರು. 12ಕ್ಕೆ ಶಾಖೆಯವರು ಕಂಪ್ಯೂಟರಿನಲ್ಲಿ ಹೊಸ ಡಿಪಿ ಹಾಕಿದರು. ಆ ಕ್ಷಣಕ್ಕೆ 8,80,000 ಬಾಕಿ, 8,10,000 ಡಿಪಿ. ಎಪ್ಪತ್ತು ಸಾವಿರ ಹೆಚ್ಚುವರಿ. ಅವರು ಆ ದಿನ ಬ್ಯಾಂಕಿನ ಹತ್ತಿರವೂ ಸುಳಿದಿರಲಿಲ್ಲ.

ಇದು ಸ್ಟೇಟ್‌ಮೆಂಟಿನ ಯಾವ ಸಾಲಿನಲ್ಲೂ ಕಾಣುವುದಿಲ್ಲ. ಡಿಪಿ ಬದಲಾದರೆ ಹಣದ ಚಲನೆ ಇಲ್ಲ, ಹಾಗಾಗಿ ಅದಕ್ಕೆ ನಮೂದೂ ಇಲ್ಲ. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನ ತಲೆಯಲ್ಲಿ `Drawing Power` ಎಂದು ಒಂದು ಅಂಕಿ ಇರುತ್ತದೆ. ಅದನ್ನು ನಂಬುವ ಮೊದಲು ಒಂದು ವಿಚಾರಿಸಿಕೊಳ್ಳಿ. ಅದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದ ದಿನದ ಡಿಪಿ, ಒಳಗಿನ ತಾರೀಕುಗಳದ್ದಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: ಶಾಖೆಯಲ್ಲಿ ಡಿಪಿ ಯಾವ ತಾರೀಕಿಗೆ ಎಷ್ಟಾಯಿತು ಎಂದು ಪ್ರತಿ ತಿಂಗಳು ಕೇಳಿ, ಸ್ಟೇಟ್‌ಮೆಂಟಿನ ಅಂಚಿನಲ್ಲಿ ಆ ತಾರೀಕಿನ ಎದುರು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಆ ಒಂದು ಅಂಕಿ ಇಲ್ಲದೆ ಹೆಚ್ಚುವರಿಯ ಲೆಕ್ಕ ಪರೀಕ್ಷಿಸಲು ಆಗುವುದೇ ಇಲ್ಲ.

ನಂತರ ಬಡ್ಡಿ. ಓಡಿಯ ಬಡ್ಡಿ ಲಿಮಿಟ್ಟಿನ ಮೇಲಲ್ಲ, ಬಳಸಿದ ಹಣದ ಮೇಲೆ. ಅದೂ ತಿಂಗಳ ಸರಾಸರಿಯ ಅಂದಾಜಿನ ಮೇಲಲ್ಲ, ಪ್ರತಿ ದಿನ ವಹಿವಾಟು ಮುಗಿದಾಗ ನಿಂತ ಬಾಕಿಯ ಮೇಲೆ. ಬೆಳಿಗ್ಗೆ ಎರಡು ಲಕ್ಷ ಕಟ್ಟಿ ಸಂಜೆ ಅಷ್ಟನ್ನೇ ತೆಗೆದರೆ ಬಡ್ಡಿಯ ಲೆಕ್ಕಕ್ಕೆ ಕಟ್ಟಿದ್ದೂ ಇಲ್ಲ, ತೆಗೆದದ್ದೂ ಇಲ್ಲ. ಒಂದೇ ದಿನ ಹತ್ತು ಸಾಲು ಇದ್ದರೆ ಆ ತಾರೀಕಿನ ಕೊನೆಯ ಸಾಲಿನ ಬಾಕಿ ಮಾತ್ರ ಲೆಕ್ಕ. ಯಾವ ವಹಿವಾಟೂ ಇಲ್ಲದ ದಿನಕ್ಕೆ ಹಿಂದಿನ ದಿನದ ಬಾಕಿಯೇ ಮುಂದುವರಿಯುತ್ತದೆ. ಭಾನುವಾರಕ್ಕೆ, ಹಬ್ಬದ ರಜೆಗೆ ಬಡ್ಡಿಗೆ ಬಿಡುವಿಲ್ಲ. ಶನಿವಾರದ ಗಲ್ಲೆಯ ಹಣವನ್ನು ಸೋಮವಾರ ಕಟ್ಟುವ ರೂಢಿ ನಮ್ಮ ಕಡೆ ಬಹಳ. ಅದಕ್ಕೆ ಎರಡು ದಿನದ ಬಡ್ಡಿ ಹೋಗುತ್ತದೆ.

ಅವರ ದರ ಆಗ ವರ್ಷಕ್ಕೆ ಶೇ. 10.95. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಶೇ. 0.03. ಅಂದರೆ ಒಂದು ಲಕ್ಷಕ್ಕೆ ಒಂದು ದಿನಕ್ಕೆ ಸರಿಯಾಗಿ ಮೂವತ್ತು ರೂಪಾಯಿ. ನಿಮ್ಮ ದರ ಬೇರೆ ಇದ್ದರೆ ಅದನ್ನು 2.74ರಿಂದ ಗುಣಿಸಿ, ಲಕ್ಷಕ್ಕೆ ದಿನದ ಬಡ್ಡಿ ಸುಮಾರಾಗಿ ಸಿಗುತ್ತದೆ. ಈ ಒಂದು ಅಂಕಿ ಬಾಯಿಪಾಠವಿದ್ದರೆ ಸ್ಟೇಟ್‌ಮೆಂಟ್ ಓದುವ ರೀತಿಯೇ ಬದಲಾಗುತ್ತದೆ. ಎಂಟು ಲಕ್ಷ ಬಾಕಿ ಇದೆ ಎಂದರೆ ದಿನ ಬೆಳಗಾದರೆ 240 ರೂಪಾಯಿ ಎಂದು ಕಣ್ಣಿಗೆ ಕಾಣತೊಡಗುತ್ತದೆ.

ಅವರ ಕೈಯಲ್ಲೇ ಲೆಕ್ಕ ಹಾಕಿಸಿದೆ. ಜೂನ್ 1ರಿಂದ 5ರ ತನಕ ಐದು ದಿನ ಏಳು ಲಕ್ಷ: ಐದೇಳು ಮೂವತ್ತೈದು. 6ರಿಂದ 17ರ ತನಕ ಹನ್ನೆರಡು ದಿನ 8.8 ಲಕ್ಷ: 105.6. 18ಕ್ಕೆ ಆ ಕಾಂಟ್ರ್ಯಾಕ್ಟರ್ ಕೊನೆಗೂ ಕೊಟ್ಟ 1,50,000ದ ಚೆಕ್ ಜಮಾ ಆಗಿ ಬಾಕಿ 7.3 ಲಕ್ಷಕ್ಕೆ ಇಳಿಯಿತು, 24ರ ತನಕ ಏಳು ದಿನ: 51.1. 25ಕ್ಕೆ 50,000 ತೆಗೆದದ್ದರಿಂದ 7.8 ಲಕ್ಷ, 30ರ ತನಕ ಆರು ದಿನ: 46.8. ಕೂಡಿದರೆ 238.5. ಹೀಗೆ ಬಾಕಿಯನ್ನು ದಿನದಿಂದ ಗುಣಿಸಿ ಕೂಡುವುದಕ್ಕೆ ಹಳೆಯ ಬ್ಯಾಂಕ್ ಗುಮಾಸ್ತರು ‘ಪ್ರಾಡಕ್ಟ್’ ತೆಗೆಯುವುದು ಅನ್ನುತ್ತಿದ್ದರು. ದಿನಗಳನ್ನೂ ಒಮ್ಮೆ ಕೂಡಿ ನೋಡಬೇಕು: 5, 12, 7, 6, ಒಟ್ಟು 30. ತಿಂಗಳಿಗೆ ಸರಿಹೊಂದಿತು. 238.5ನ್ನು ಮೂವತ್ತರಿಂದ ಗುಣಿಸಿದರೆ 7,155 ರೂಪಾಯಿ.

ಬ್ಯಾಂಕ್ ಹಾಕಿದ್ದು 7,200. ನಲವತ್ತೈದು ರೂಪಾಯಿ ಹೆಚ್ಚು.

“ನೋಡ್ರಿ ಮತ್ತ!” ಎಂದು ಅವರು ಕುರ್ಚಿಯಲ್ಲೇ ಮುಂದೆ ಸರಿದರು. ಆದರೆ 45 ಎಂಬ ಅಂಕಿ ತಾನೇ ಏನೋ ಹೇಳುತ್ತಿತ್ತು. ಲಕ್ಷಕ್ಕೆ 30 ಆದರೆ ಒಂದೂವರೆ ಲಕ್ಷಕ್ಕೆ ಒಂದು ದಿನಕ್ಕೆ 45. ಒಂದೂವರೆ ಲಕ್ಷದ ವಹಿವಾಟು ಆ ತಿಂಗಳಲ್ಲಿ ಒಂದೇ ಇತ್ತು, ಆ ಚೆಕ್ಕು. ಆ ಸಾಲಿನ ಮೇಲೆ ಬೆರಳಿಟ್ಟು ಅಡ್ಡಕ್ಕೆ ನೋಡಿದರೆ ಮೊದಲ ತಾರೀಕು 18, ಪಕ್ಕದ `Value Date` ಕಾಲಮ್ಮಿನಲ್ಲಿ 19. ಚೆಕ್ಕನ್ನು 18ರಂದು ನಮೂದಿಸಿದ್ದಾರೆ, ಹಣ ಬ್ಯಾಂಕಿನ ಕೈಗೆ ಬಂದದ್ದು ಕ್ಲಿಯರಿಂಗ್ ಆದ ಮೇಲೆ, 19ರಂದು. ಬಡ್ಡಿ ನಡೆಯುವುದು ಈ ಎರಡನೆಯ ತಾರೀಕಿನ ಮೇಲೆ. 8.8 ಲಕ್ಷದ ದಿನಗಳು ಹನ್ನೆರಡಲ್ಲ, ಹದಿಮೂರು. 7.3 ಲಕ್ಷದ್ದು ಏಳಲ್ಲ, ಆರು. ಒಟ್ಟು 240, ಮೂವತ್ತರಿಂದ ಗುಣಿಸಿದರೆ 7,200. ಪೈಸೆಗೆ ಪೈಸೆ ಸರಿ.

ಲೆಕ್ಕ ತಾಳೆಯಾಗದಾಗ ವ್ಯತ್ಯಾಸದ ಅಂಕಿಯನ್ನು ಹೀಗೆ ಬಿಡಿಸಿ ನೋಡುವುದು ನನಗೆ ಬಹಳ ಸಲ ದಾರಿ ತೋರಿಸಿದೆ. ವ್ಯತ್ಯಾಸವನ್ನು ಲಕ್ಷಕ್ಕೆ ದಿನದ ಬಡ್ಡಿಯಿಂದ ಭಾಗಿಸಿದರೆ ಯಾವುದೋ ಒಂದು ವಹಿವಾಟಿನ ಮೊತ್ತ, ಅಥವಾ ಅದರ ಎರಡರಷ್ಟು, ಮೂರರಷ್ಟು ಎದ್ದು ಬರುತ್ತದೆ. ಒಂದರಷ್ಟೇ ಬಂದು ಅದು ಚೆಕ್ಕಾಗಿದ್ದರೆ 2025ರ ಆ ದಿನಗಳಲ್ಲಿ ಅದು ಸಾಮಾನ್ಯವಾಗಿ ಕ್ಲಿಯರಿಂಗ್ ದಿನವಾಗಿರುತ್ತಿತ್ತು. ನಾಲ್ಕೈದು ದಿನ ತಡವಾಗಿದ್ದರೆ, ಅಥವಾ ಅದೇ ದಿನ ಬಂದು ಸೇರಿದ ಆರ್‌ಟಿಜಿಎಸ್, ಯುಪಿಐ ಹಣಕ್ಕೆ ಮುಂದಿನ ದಿನದ ತಾರೀಕು ಹಾಕಿದ್ದರೆ ಶಾಖೆಯಲ್ಲಿ ಕೇಳಲೇಬೇಕು.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಲೆಕ್ಕದ ಹಾಳೆ ಬಳಸುವವರು B ಕಾಲಮ್ಮಿನಲ್ಲಿ ಬಾಕಿ, C ಕಾಲಮ್ಮಿನಲ್ಲಿ ಆ ಬಾಕಿ ನಿಂತ ದಿನಗಳನ್ನು ಹಾಕಿ ಈ ಒಂದು ಸಾಲು ಬರೆದರೆ ಸಾಕು:

```
=SUMPRODUCT(B2:B5,C2:C5)*10.95/36500
```

ದರ ತಿಂಗಳ ನಡುವೆ ಬದಲಾಗಿದ್ದರೆ ಮಾತ್ರ ಆ ತಾರೀಕಿಗೆ ಲೆಕ್ಕವನ್ನು ಎರಡು ತುಂಡು ಮಾಡಬೇಕು. ಈ ಅಂಗಡಿಯವರ ಸಾಲದ ದರ ರೆಪೊ ದರಕ್ಕೆ ಕಟ್ಟಿದ್ದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಸಾಲಗಳನ್ನು ಹೀಗೆ ಹೊರಗಿನ ಮಾನದಂಡಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಅಕ್ಟೋಬರ್ 1ರಿಂದ ನಿಯಮ ಮಾಡಿದೆ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು 2025ರ ಏಪ್ರಿಲ್‌ನಲ್ಲಿ ಶೇ. 6.25ರಿಂದ 6ಕ್ಕೆ, ಜೂನ್ 6ರಂದು 5.50ಕ್ಕೆ ಇಳಿಸಿತ್ತು. ಇವರ ಕರಾರಿನಲ್ಲಿ ಪರಿಷ್ಕರಣೆಯ ದಿನ ಜುಲೈ 1. ಹಾಗಾಗಿ ಜೂನ್ ತಿಂಗಳಿಡೀ 10.95 ಹಾಕಿದ್ದು ಸರಿ. ಜುಲೈ 1ರಿಂದ ಮುಕ್ಕಾಲು ಪರ್ಸೆಂಟ್ ಇಳಿದು 10.20 ಆಗಬೇಕು, ಲಕ್ಷಕ್ಕೆ ಮೂವತ್ತರ ಬದಲು ಸುಮಾರು 28 ರೂಪಾಯಿ ಆಗಬೇಕು. ಜುಲೈ ಕೊನೆಗೆ ಇದನ್ನು ನೋಡಲೇಬೇಕೆಂದು ಅಂಚಿನಲ್ಲಿ ಬರೆಸಿದೆ.

ಉಳಿದದ್ದು ಆ 337 ರೂಪಾಯಿ 53 ಪೈಸೆ. ಹೆಚ್ಚುವರಿ ಆದದ್ದು ನಿಜವೆಂದು ಅವರಿಗೂ ಈಗ ಮನವರಿಕೆಯಾಗಿತ್ತು. 12ರಿಂದ 18ರ ತನಕ ಏಳು ದಿನ, 70,000 ರೂಪಾಯಿ. ಸ್ಯಾಂಕ್ಷನ್ ಲೆಟರಿನ ಮೂರನೆಯ ಪುಟದಲ್ಲಿ ಷರತ್ತು ಹೀಗಿತ್ತು: ಮಿತಿ ಮೀರಿದ ಮೊತ್ತದ ಮೇಲೆ, ಮೀರಿದ ದಿನಗಳಿಗೆ, ವರ್ಷಕ್ಕೆ ಶೇ. 2ರಂತೆ ದಂಡ ಶುಲ್ಕ. 70,000ಕ್ಕೆ ಏಳು ದಿನಕ್ಕೆ ಶೇ. 2ರಂತೆ ಆಗುವುದು 26 ರೂಪಾಯಿ 85 ಪೈಸೆ. ಹಾಗಾದರೆ 337 ಎಲ್ಲಿಂದ ಬಂತು? ದಿನವನ್ನೂ ದರವನ್ನೂ ಹಾಗೇ ಇಟ್ಟು ಮೊತ್ತವನ್ನು ಮಾತ್ರ ಬದಲಿಸಿ ನೋಡಿದೆವು. ಇಡೀ ಬಾಕಿ 8,80,000ಕ್ಕೆ ಏಳು ದಿನಕ್ಕೆ ಶೇ. 2 ಹಾಕಿದರೆ ಸರಿಯಾಗಿ 337.53. ಮೀರಿದ ಎಪ್ಪತ್ತು ಸಾವಿರಕ್ಕೆ ಬೀಳಬೇಕಾದ ದಂಡ ಇಡೀ ಸಾಲಕ್ಕೆ ಬಿದ್ದಿತ್ತು.

ಮುನ್ನೂರು ರೂಪಾಯಿಗೆ ಇಷ್ಟು ಹೊತ್ತು ಕೂರಬೇಕೇ ಎಂದು ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ಕಂಪ್ಯೂಟರಿನಲ್ಲಿ ಹೀಗೆ ಒಮ್ಮೆ ತಪ್ಪಾಗಿ ಕೂತ ಸೂತ್ರ ಆ ಖಾತೆ ಇರುವ ತನಕ, ಹೆಚ್ಚುವರಿ ಆದ ಪ್ರತಿ ತಿಂಗಳು ಇದನ್ನೇ ಮಾಡುತ್ತದೆ. ಮೀರಿದ್ದು ಎರಡು ಸಾವಿರವಾದರೂ ದಂಡ ಇಡೀ ಸಾಲಕ್ಕೆ.

ದಂಡದ ವಿಷಯದಲ್ಲಿ ಖಾತೆದಾರರ ಪರವಾಗಿ ಒಂದು ಸ್ಪಷ್ಟ ನಿಯಮವಿದೆ. ಮೊದಲು ಬ್ಯಾಂಕುಗಳು ಬಡ್ಡಿ ದರಕ್ಕೇ ಎರಡೋ ಮೂರೋ ಪರ್ಸೆಂಟ್ ಸೇರಿಸಿ ‘ದಂಡ ಬಡ್ಡಿ’ ಎಂದು ಹಾಕುತ್ತಿದ್ದವು, ಅದಕ್ಕೂ ಚಕ್ರಬಡ್ಡಿ ಬೆಳೆಯುತ್ತಿತ್ತು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಅದನ್ನು ನಿಲ್ಲಿಸಿತು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಹಳೆಯವಕ್ಕೆ ಅದೇ ವರ್ಷದ ಜೂನ್ 30ರ ಗಡುವಿತ್ತು. ಈಗ ದಂಡವನ್ನು ಶುಲ್ಕವಾಗಿ ಬೇರೆಯೇ ಹಾಕಬೇಕು, ಬಡ್ಡಿ ದರದೊಳಗೆ ಬೆರೆಸುವಂತಿಲ್ಲ. ಅದು ತಪ್ಪಿಗೆ ತಕ್ಕಷ್ಟು ಇರಬೇಕು. ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಜಿಎಸ್‌ಟಿಯೂ ಅದಕ್ಕೆ ಬೀಳುವುದಿಲ್ಲ ಎಂದು 2025ರ ಜನವರಿಯಲ್ಲಿ ಸ್ಪಷ್ಟವಾಗಿದೆ. ದಂಡದ ಸಾಲಿನ ಕೆಳಗೆ ಶೇ. 18 ಜಿಎಸ್‌ಟಿ ಎಂದು ಇನ್ನೊಂದು ಸಾಲು ಕಂಡರೆ ಕೇಳಿ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮಾಮೂಲಿ ಬಡ್ಡಿ ತಿಂಗಳ ಕೊನೆಗೆ ಖಾತೆಗೆ ಖರ್ಚು ಬೀಳುತ್ತದೆ, ಮರುದಿನದಿಂದ ಅದೂ ಸಾಲದ ಭಾಗ. ಇವರ ಖಾತೆಯಲ್ಲಿ ಜೂನ್ 30ರ ರಾತ್ರಿ 7,80,000ಕ್ಕೆ 7,200 ಸೇರಿ 7,87,200. ಜುಲೈನಲ್ಲಿ ಇದರ ಮೇಲೆ ಬಡ್ಡಿ ನಡೆಯುವುದು ನಿಯಮದ ಪ್ರಕಾರವೇ. ಆದರೆ ಸ್ಟೇಟ್‌ಮೆಂಟ್ ತೋರಿಸುವ ಬಾಕಿ 7,87,537.53, ಯಾಕೆಂದರೆ ದಂಡವೂ ಅದೇ ಖಾತೆಗೆ ಬಿದ್ದಿದೆ. ಆ ಕೊನೆಯ 337.53ರ ಮೇಲೆ ಬಡ್ಡಿ ನಡೆಯಬಾರದು. ಮೊತ್ತ ಸಣ್ಣದಾದಾಗ ಇದು ಪೈಸೆಗಳ ವಿಷಯ. ದೊಡ್ಡ ಖಾತೆಗಳಲ್ಲಿ, ದಂಡ ಸಾವಿರಗಳಲ್ಲಿ ಬಿದ್ದಾಗ, ಈ ವ್ಯತ್ಯಾಸವನ್ನು ಹುಡುಕಿ ನೋಡಬೇಕಾಗುತ್ತದೆ.

ತಿಂಗಳ ಕೊನೆಯ ಆ ಬಡ್ಡಿಯ ಸಾಲೇ ಎಷ್ಟೋ ಖಾತೆಗಳನ್ನು ಗೆರೆ ದಾಟಿಸುತ್ತದೆ. ಡಿಪಿಯ ತುದಿಯ ತನಕ ಬಳಸಿ ಕೂತವರಿಗೆ 30ರ ರಾತ್ರಿ ಬಡ್ಡಿ ಬಿದ್ದ ಕೂಡಲೇ ಹೆಚ್ಚುವರಿ. ಸರಕಿನ ವಿಮೆಯ ಕಂತು, ನವೀಕರಣ ಶುಲ್ಕ, ಚೆಕ್ ವಾಪಸಾದ ಖರ್ಚು ಇವೂ ಹಾಗೆಯೇ ಮಾಡುತ್ತವೆ. ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಬಾಕಿ ಲಿಮಿಟ್ ಅಥವಾ ಡಿಪಿಗಿಂತ ಮೇಲೆ ಒಂದೇ ಸಮನೆ 30 ದಿನ ದಾಟಿ ನಿಂತರೆ ಬ್ಯಾಂಕಿನ ಪುಸ್ತಕದಲ್ಲಿ ಖಾತೆ ಎಸ್‌ಎಂಎ-1, 60 ದಾಟಿದರೆ ಎಸ್‌ಎಂಎ-2, 90 ದಿನ ದಾಟಿದರೆ ಎನ್‌ಪಿಎ. ಮಿತಿಯೊಳಗೇ ಇದ್ದರೂ 90 ದಿನಗಳಲ್ಲಿ ಖಾತೆಗೆ ಬಂದ ಹಣ ಆ ಅವಧಿಯ ಬಡ್ಡಿಯಷ್ಟೂ ಇಲ್ಲದಿದ್ದರೆ ಆಗಲೂ ಎನ್‌ಪಿಎ. ಸ್ಟಾಕ್ ಸ್ಟೇಟ್‌ಮೆಂಟ್ ಕೊಡದೆ ಬಿಟ್ಟರೂ ಇದೇ ದಾರಿ, ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟಿನ ಡಿಪಿಯ ಮೇಲೆ ತೆಗೆದ ಹಣವನ್ನು ಅಕ್ರಮ ಬಾಕಿ ಎಂದೇ ಲೆಕ್ಕ ಹಿಡಿಯುತ್ತಾರೆ.

ಇವರು ಜೂನ್‌ನಲ್ಲಿ ಮಾಡಬಹುದಾಗಿದ್ದದ್ದು ಒಂದಿತ್ತು. ಮೇ 31ಕ್ಕೆ ಸ್ಟಾಕ್ ಸ್ಟೇಟ್‌ಮೆಂಟ್ ಬರೆಯುವಾಗಲೇ ಕಾಂಟ್ರ್ಯಾಕ್ಟರನ ಬಿಲ್ಲು ಹಳೆಯದಾಯಿತು, ಡಿಪಿ 8,10,000ಕ್ಕೆ ಬರುತ್ತದೆ ಎಂದು ಅವರಿಗೇ ತಿಳಿಯುತ್ತಿತ್ತು. ತಿಳಿದಿದ್ದರೆ 6ನೇ ತಾರೀಕು ಕಂಪನಿಗೆ 1,80,000 ಪೂರ್ತಿ ಕಳಿಸದೆ 1,10,000 ಕಳಿಸಿ, ಉಳಿದದ್ದನ್ನು ಚೆಕ್ ಬಂದ ಮೇಲೆ ಕಳಿಸಬಹುದಿತ್ತು. ಬಾಕಿ ಸರಿಯಾಗಿ 8,10,000ಕ್ಕೆ ನಿಲ್ಲುತ್ತಿತ್ತು.

ಶಾಖೆಗೆ ಒಂದು ಪುಟದ ಪತ್ರ ಬರೆದೆವು. ಅದರಲ್ಲಿ ಸಿಟ್ಟಿನ ಮಾತು ಇರಲಿಲ್ಲ. ಸ್ಯಾಂಕ್ಷನ್ ಲೆಟರಿನ ಷರತ್ತಿನ ಸಂಖ್ಯೆ, ಹೆಚ್ಚುವರಿ ಇದ್ದ ಏಳು ತಾರೀಕುಗಳು, ಪ್ರತಿ ದಿನದ ಬಾಕಿ ಮತ್ತು ಡಿಪಿ, ಆಗಬೇಕಾಗಿದ್ದ 26.85, ಹಾಕಿದ 337.53, ವಾಪಸು ಬರಬೇಕಾದ 310.68. ಬಡ್ಡಿಯ 7,200 ಸರಿ ಇದೆ ಎಂದೂ ಬರೆದೆವು. ಸರಿ ಇದ್ದದ್ದನ್ನು ಸರಿ ಎಂದಾಗ ತಪ್ಪು ಎಂದದ್ದನ್ನು ಅಧಿಕಾರಿಗಳು ಕೂತು ಓದುತ್ತಾರೆ, ಇದು ನನ್ನ ಅನುಭವ. ಪತ್ರದ ನಕಲಿಗೆ ಶಾಖೆಯ ಮುದ್ರೆ ಹಾಕಿಸಿಕೊಂಡು ಬರಲು ಹೇಳಿದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ಆದರೆ ಮೊದಲು ಬ್ಯಾಂಕಿಗೆ ಬರೆದ ದಾಖಲೆ ಬೇಕು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಆಗಸ್ಟ್ ಮೊದಲ ವಾರ ಅವರು ಜುಲೈ ಸ್ಟೇಟ್‌ಮೆಂಟ್ ತಂದಾಗ 14ನೇ ತಾರೀಕಿನ ಎದುರು 310.68 ಜಮಾ ಆಗಿತ್ತು. ದರದ ಕಡೆ ಕೈ ಚಾಚುವ ಮೊದಲೇ ಅವರು ಹೇಳಿದರು: “ಲಕ್ಷಕ್ಕ ಇಪ್ಪತ್ತೆಂಟರ ಲೆಕ್ಕಕ್ಕ ಕೂಡೇತ್ರಿ ಸರ, ನಾನ ಮನ್ಯಾಗ ಹಾಕಿ ನೋಡೀನಿ.” ಹಾಳೆಯ ಅಂಚಿನಲ್ಲಿ 11ನೇ ತಾರೀಕಿನ ಎದುರು ಪೆನ್ಸಿಲ್ಲಿನಲ್ಲಿ ಹೊಸ ಡಿಪಿಯನ್ನೂ ಬರೆದುಕೊಂಡಿದ್ದರು.